ಬೆಳಿಗ್ಗೆ ಒಂದು, ಸಂಜೆ ಒಂದು: ಜೆಂಟಾಮೈಸಿನ್ ಲೆಕ್ಕ ಬದಲಾಗಬೇಕು

ನಮ್ಮ ಕಡೆಯ ಯಾವುದೇ ಆಸ್ಪತ್ರೆಯ ಕೇಸ್ ಶೀಟ್ ತೆಗೆದು ನೋಡಿದರೂ ಜೆಂಟಾಮೈಸಿನ್ ಇಂಜೆಕ್ಷನ್‌ನ ಸಾಲು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ: 80 ಮಿ.ಗ್ರಾಂ, ದಿನಕ್ಕೆ ಎರಡು ಸಲ. ರೋಗಿ 38 ಕೆ.ಜಿ.ಯ ಅಜ್ಜಿಯಾದರೂ ಅಷ್ಟೇ, 75 ಕೆ.ಜಿ.ಯ ಹಮಾಲಿಯಾದರೂ ಅಷ್ಟೇ. ಈ 80 ಬಂದದ್ದು ರೋಗಿಯ ದೇಹದ ಲೆಕ್ಕದಿಂದಲ್ಲ. ಔಷಧಿ ಬರುವ ಪುಟ್ಟ ವಯಲ್‌ನಲ್ಲಿ ಇರುವುದೇ ಎರಡು ಮಿಲಿ ಲೀಟರ್, ಅಂದರೆ 80 ಮಿ.ಗ್ರಾಂ. ಒಡೆದರೆ ಒಂದು ಸಲಕ್ಕೆ ಸರಿಹೋಗುತ್ತದೆ, ಉಳಿಯುವುದಿಲ್ಲ, ಲೆಕ್ಕ ಹಾಕಬೇಕಿಲ್ಲ. ವಯಲ್‌ನ ಅಳತೆಯೇ ಡೋಸ್ ಆಗಿಬಿಟ್ಟಿದೆ.

ಎರಡು ಮೂರು ದಿನ ಕೊಟ್ಟು ನಿಲ್ಲಿಸುವುದಾದರೆ ಈ ರೂಢಿಯ ಬಗ್ಗೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಆದರೆ ಜೆಂಟಾಮೈಸಿನ್ ಒಂದು ವಾರ ದಾಟಿ ಹೋಗುವ ಕಾಯಿಲೆಗಳು ಹಳ್ಳಿಗಳಲ್ಲೇ ಇವೆ. ಅಂಥ ಕಡೆ ಈ ಔಷಧಿ ಮೂತ್ರಪಿಂಡವನ್ನು ಕೆಡಿಸಬಲ್ಲದು, ಒಳಕಿವಿಯನ್ನೂ ಕೆಡಿಸಬಲ್ಲದು. ಮೂತ್ರಪಿಂಡ ಬಹುತೇಕ ವಾಪಸ್ ಬರುತ್ತದೆ. ಒಳಕಿವಿ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ದಿನದ ಪೂರ್ತಿ ಡೋಸನ್ನು ತೂಕ ನೋಡಿ ಒಂದೇ ಸಲ ಕೊಡಬೇಕು, ಮುಂದಿನ ಡೋಸಿಗೆ ಮುಂಚೆ ರಕ್ತ ಖಾಲಿಯಾಗಿದೆಯೇ ಎಂದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು ಎಂಬುದು ನಮ್ಮ ವಾದ. ಇದು ಹೊಸ ವಿಚಾರವೂ ಅಲ್ಲ. ಜೆಂಟಾಮೈಸಿನ್ ಗೊತ್ತಾದದ್ದು 1963ರಲ್ಲಿ; ದಿನಕ್ಕೊಂದೇ ಸಲ ಕೊಡುವ ಕ್ರಮವನ್ನು ಜಗತ್ತಿನ ಅನೇಕ ಆಸ್ಪತ್ರೆಗಳು 1990ರ ದಶಕದಲ್ಲೇ ಒಪ್ಪಿಕೊಂಡಿವೆ.

ಉದಾಹರಣೆಗೆ ಒಬ್ಬ ಕುರಿಗಾರನನ್ನು ಇಟ್ಟುಕೊಳ್ಳೋಣ. ವಯಸ್ಸು 52, ತೂಕ 50 ಕೆ.ಜಿ. ಹಿಂಡಿನಲ್ಲಿ ಕುರಿಗಳು ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತಿ ಹಾಕಿದ್ದಾನೆ, ಹಸಿ ಹಾಲನ್ನೂ ಕುಡಿದಿದ್ದಾನೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಏಳಲಾಗದ ಸೊಂಟನೋವು. ಬ್ರುಸೆಲ್ಲೋಸಿಸ್ ಎಂದು ರಕ್ತಪರೀಕ್ಷೆಯಲ್ಲಿ ಬಂದಿದೆ, ಬೆನ್ನುಮೂಳೆಗೂ ಹಿಡಿದಿದೆ. ವಿಜಯಪುರದ ಕಡೆಯ ವೈದ್ಯರು ಈ ಕಾಯಿಲೆಯ ಬಗ್ಗೆ ಹಲವು ವರ್ಷಗಳಿಂದ ಬರೆಯುತ್ತಲೇ ಇದ್ದಾರೆ, ಹಾಗಾಗಿ ಇದು ನಮಗೆ ದೂರದ ಕಥೆಯಲ್ಲ. ಚಿಕಿತ್ಸೆ ಎಂದರೆ ಡಾಕ್ಸಿಸೈಕ್ಲಿನ್ ಮಾತ್ರೆ ಆರು ವಾರ, ಬೆನ್ನುಮೂಳೆ ಸೇರಿಕೊಂಡರೆ ಮೂರು ತಿಂಗಳು. ಅದರ ಜೊತೆ ಶುರುವಿನಲ್ಲಿ ಜೆಂಟಾಮೈಸಿನ್. ಸಾಮಾನ್ಯ ಬ್ರುಸೆಲ್ಲೋಸಿಸ್‌ಗೆ ಏಳರಿಂದ ಹತ್ತು ದಿನ. ಇವನಿಗೆ ವೈದ್ಯರು ಎರಡು ವಾರ ಎಂದಿದ್ದಾರೆ.

ರೂಢಿಯಂತೆ ಕೊಟ್ಟರೆ ಇವನಿಗೆ ದಿನಕ್ಕೆ 160 ಮಿ.ಗ್ರಾಂ ಸಿಗುತ್ತದೆ. ಬ್ರುಸೆಲ್ಲೋಸಿಸ್‌ಗೆ ಬೇಕಾದದ್ದು ಕೆ.ಜಿ.ಗೆ 5 ಮಿ.ಗ್ರಾಂ, ಅಂದರೆ 250. ಮೂರು ವಯಲ್ ಸೇರಿಸಿದರೆ 240, ಅಷ್ಟು ಸಾಕು. ಅಂದರೆ ರೂಢಿಯ ಡೋಸಿನಲ್ಲಿ ರೋಗಾಣುವಿಗೆ ಬೀಳುವ ಪೆಟ್ಟೂ ಕಡಿಮೆ. ಅದರ ಜೊತೆ ಔಷಧಿ ರಕ್ತದಲ್ಲಿ ಇಡೀ ದಿನ ಸ್ವಲ್ಪ ಸ್ವಲ್ಪ ಉಳಿದುಕೊಳ್ಳುತ್ತದೆ. ಹಾನಿ ಆಗುವುದು ಮುಖ್ಯವಾಗಿ ಆ ಉಳಿಕೆಯಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೊದಲ ಸಲ ಕೇಳಿದಾಗ ನಮಗೂ ಇದು ತಲೆಕೆಳಗಾಗಿ ಕಂಡಿತ್ತು. ವಿಷವಾಗಬಲ್ಲ ಔಷಧಿಯನ್ನು ಒಮ್ಮೆಗೇ ಹೆಚ್ಚು ಕೊಟ್ಟರೆ ಅಪಾಯ ಹೆಚ್ಚಲ್ಲವೇ? ಮೂರು ವಯಲ್ ಒಟ್ಟಿಗೆ ಒಡೆಯುವುದನ್ನು ಕಂಡ ಸಂಬಂಧಿಕರು "ಮೂರೂ ಒಮ್ಮೆಲೇ ಹಾಕ್ತೀರೇನ್ರೀ ಸಿಸ್ಟರ್?" ಎಂದು ಗಾಬರಿಯಾಗುವುದು ಸಹಜ. ಆದರೆ ಮೂತ್ರಪಿಂಡದ ಜೀವಕೋಶ ಈ ಔಷಧಿಯನ್ನು ಒಳಗೆ ಎಳೆದುಕೊಳ್ಳುವ ಬಾಗಿಲು ಚಿಕ್ಕದು. ಸಂತೆ ದಿನದ ಬಸ್ಸಿನ ಹಾಗೆ ಯೋಚಿಸಿ. ನಿಲ್ದಾಣದಲ್ಲಿ ಐವತ್ತು ಜನ ಇರಲಿ ನೂರೈವತ್ತು ಜನ ಇರಲಿ, ಒಂದು ಬಸ್ಸಿಗೆ ಹತ್ತುವವರು ಅಷ್ಟೇ. ಉಳಿದವರು ನಡೆದು ಹೋಗುತ್ತಾರೆ, ನಿಲ್ದಾಣ ಖಾಲಿಯಾಗುತ್ತದೆ. ಆದರೆ ದಿನವಿಡೀ ನಾಲ್ಕು ನಾಲ್ಕು ಜನ ಬಂದು ನಿಲ್ಲುತ್ತಲೇ ಇದ್ದರೆ ಪ್ರತಿ ಬಸ್ಸೂ ಅವರನ್ನು ಹತ್ತಿಸಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಊರು ಸೇರಿದವರ ಒಟ್ಟು ಸಂಖ್ಯೆ ಹೆಚ್ಚು. ಜೆಂಟಾಮೈಸಿನ್ ಕೂಡ ಹಾಗೆಯೇ. ಒಮ್ಮೆ ಏರಿ ಇಳಿದರೆ ಹೆಚ್ಚಿನದು ಮೂತ್ರದಲ್ಲಿ ಹೊರಟು ಹೋಗುತ್ತದೆ. ಸದಾ ಸ್ವಲ್ಪ ಇದ್ದರೆ ಜೀವಕೋಶದೊಳಗೆ ಸೇರುತ್ತಲೇ ಇರುತ್ತದೆ.

ರೋಗಾಣುವಿನ ಕಡೆಯಿಂದ ನೋಡಿದರೂ ಒಂದೇ ಸಲ ಕೊಡುವುದು ಲಾಭ. ಈ ಔಷಧಿಯ ಮಟ್ಟ ಎಷ್ಟು ಎತ್ತರಕ್ಕೆ ಏರುತ್ತದೆಯೋ ಅಷ್ಟು ವೇಗವಾಗಿ ಅದು ಕೊಲ್ಲುತ್ತದೆ. ಮಟ್ಟ ಇಳಿದ ಮೇಲೂ ಕೆಲವು ಗಂಟೆ ರೋಗಾಣು ಮತ್ತೆ ಬೆಳೆಯಲಾರದೆ ಬಿದ್ದಿರುತ್ತದೆ. ಆದ್ದರಿಂದ ರಕ್ತ ಖಾಲಿ ಇರುವ ಗಂಟೆಗಳು ಚಿಕಿತ್ಸೆ ತಪ್ಪಿದ ಗಂಟೆಗಳಲ್ಲ.

ನಮ್ಮ ಕುರಿಗಾರನ ಲೆಕ್ಕ ಮುಂದುವರಿಸೋಣ. ಅವನ ರಕ್ತದ ಕ್ರಿಯಾಟಿನಿನ್ 1.0. ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಂದಾಜಿಸಲು ವೈದ್ಯರು ಬಳಸುವ ಹಳೆಯ ಸೂತ್ರ ಸರಳವಾಗಿದೆ: 140ರಲ್ಲಿ ವಯಸ್ಸು ಕಳೆದು ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ನ ಗುಣಲಬ್ಧದಿಂದ ಭಾಗಿಸುವುದು. ಇವನಿಗೆ ಅದು ನಿಮಿಷಕ್ಕೆ ಸುಮಾರು 61 ಮಿಲಿ ಲೀಟರ್ ಬರುತ್ತದೆ. ಹೆಂಗಸರಿಗಾದರೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಇಲ್ಲೇ ಒಂದು ಮಾತು. 70 ವರ್ಷದ, 38 ಕೆ.ಜಿ.ಯ ಅಜ್ಜಿಯ ಕ್ರಿಯಾಟಿನಿನ್ ಕೂಡ 1.0 ಇದ್ದರೆ, ಲ್ಯಾಬ್ ಚೀಟಿಯಲ್ಲಿ ಇಬ್ಬರದೂ 'ನಾರ್ಮಲ್'. ಸೂತ್ರ ಹಾಕಿ ನೋಡಿದರೆ ಅಜ್ಜಿಯದು ಸುಮಾರು 31, ಅಂದರೆ ಕುರಿಗಾರನ ಅರ್ಧ. ಮಾಂಸಖಂಡ ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಚೀಟಿ ಮೋಸ ಮಾಡುತ್ತದೆ. ತೂಕ ಬರೆಯದ ಕೇಸ್ ಶೀಟಿನಲ್ಲಿ ಈ ಲೆಕ್ಕ ಹಾಕಲು ದಾರಿಯೇ ಇಲ್ಲ. ಹಾಸಿಗೆ ಹಿಡಿದವರ ತೂಕ ನೋಡುವುದು ಕಷ್ಟ ನಿಜ. ಆದರೂ ಅಂದಾಜು ತೂಕವನ್ನಾದರೂ ಬರೆಯದೆ ಈ ಇಂಜೆಕ್ಷನ್ ಶುರುಮಾಡುವುದನ್ನು ನಾವು ಒಪ್ಪುವುದಿಲ್ಲ.

240 ಮಿ.ಗ್ರಾಂ ಅನ್ನು 100 ಮಿಲಿ ಸಲೈನ್‌ಗೆ ಸೇರಿಸಿ ಅರ್ಧದಿಂದ ಒಂದು ಗಂಟೆಯಲ್ಲಿ ಹನಿಸಿದರೆ ಕುರಿಗಾರನ ರಕ್ತದಲ್ಲಿ ಮಟ್ಟ ಲೀಟರಿಗೆ ಸುಮಾರು 19 ಮಿ.ಗ್ರಾಂವರೆಗೆ ಏರುತ್ತದೆ. ಅವನ ಮೂತ್ರಪಿಂಡಕ್ಕೆ ಅದನ್ನು ಅರ್ಧ ಮಾಡಲು ಸುಮಾರು ಮೂರೂವರೆ ಗಂಟೆ ಬೇಕು. ಮೂರೂವರೆ ಗಂಟೆಗೆ ಒಂಬತ್ತೂವರೆ, ಏಳು ಗಂಟೆಗೆ ಐದರ ಹತ್ತಿರ, ಹದಿನಾಲ್ಕು ಗಂಟೆಗೆ ಒಂದಕ್ಕಿಂತ ಚೂರು ಮೇಲೆ, ಇಪ್ಪತ್ತು ಗಂಟೆಗೆ 0.4ರ ಆಸುಪಾಸು. ಅಂದರೆ ಕೊನೆಯ ಎಂಟು ಗಂಟೆ ರಕ್ತ ಹೆಚ್ಚುಕಡಿಮೆ ಖಾಲಿ. ಮೂತ್ರಪಿಂಡಕ್ಕೆ ಬೇಕಾದ ಬಿಡುವು ಅದೇ. ಮೂತ್ರಪಿಂಡದ ಕೆಲಸ ಅರ್ಧಕ್ಕೆ ಇಳಿದರೆ ಅರ್ಧವಾಗುವ ಸಮಯ ಏಳು ಗಂಟೆಯ ಹತ್ತಿರ ಹೋಗುತ್ತದೆ, ಇಪ್ಪತ್ತನಾಲ್ಕು ಗಂಟೆಯಾದರೂ ರಕ್ತದಲ್ಲಿ ಎರಡರ ಹತ್ತಿರ ಉಳಿದಿರುತ್ತದೆ. ಅದರ ಮೇಲೆ ಮತ್ತೆ ಮೂರು ವಯಲ್ ಬೀಳುತ್ತದೆ. ಹಾನಿ ಹಾನಿಯನ್ನು ಬೆಳೆಸುವುದು ಹೀಗೆ.

ಈ ಬಿಡುವು ಇದೆಯೋ ಇಲ್ಲವೋ ಎಂದು ನೋಡುವುದಕ್ಕೇ ಔಷಧಿಯ ಮಟ್ಟದ ರಕ್ತಪರೀಕ್ಷೆ ಇರುವುದು. ದಿನಕ್ಕೊಂದು ಸಲದ ಕ್ರಮದಲ್ಲಿ ರಕ್ತ ತೆಗೆಯುವುದು ಡೋಸ್ ಕೊಟ್ಟು 18ರಿಂದ 24 ಗಂಟೆ ಆದ ಮೇಲೆ, ಮುಂದಿನ ಡೋಸಿಗೆ ಮುಂಚೆ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು. ಒಂದನ್ನು ದಾಟಿದರೆ ಮುಂದಿನ ಡೋಸ್ ತಡೆಹಿಡಿದು, ಮತ್ತೆ ನೋಡಿ, ಅಂತರ ಹೆಚ್ಚಿಸುವುದೋ ನಿಲ್ಲಿಸುವುದೋ ಎಂದು ವೈದ್ಯರು ನಿರ್ಧರಿಸಬೇಕು. ಕೆಲವು ಆಸ್ಪತ್ರೆಗಳು ಬೇರೆ ಕ್ರಮ ಅನುಸರಿಸುತ್ತವೆ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯವರು 1995ರಲ್ಲಿ ಪ್ರಕಟಿಸಿದ ನಕ್ಷೆ ಅದು: ಕೆ.ಜಿ.ಗೆ 7 ಮಿ.ಗ್ರಾಂ ಕೊಟ್ಟು, 6ರಿಂದ 14 ಗಂಟೆಯೊಳಗೆ ಒಮ್ಮೆ ರಕ್ತ ತೆಗೆದು, ಆ ಅಂಕಿಯನ್ನು ನಕ್ಷೆಯ ಮೇಲಿಟ್ಟು ಮುಂದಿನ ಡೋಸ್ 24, 36 ಅಥವಾ 48 ಗಂಟೆಗೆ ಎಂದು ತಿಳಿಯುವುದು. ಆ ನಕ್ಷೆ 7 ಮಿ.ಗ್ರಾಂ ಡೋಸಿಗೆ ಮಾಡಿದ್ದು. 5 ಮಿ.ಗ್ರಾಂ ಕೊಟ್ಟವರ ಅಂಕಿಯನ್ನು ನೇರವಾಗಿ ಅದರ ಮೇಲೆ ಇಟ್ಟರೆ ಉತ್ತರ ತಪ್ಪಾಗುತ್ತದೆ.

ಪರೀಕ್ಷೆ ದಾರಿ ತಪ್ಪುವುದು ಹೆಚ್ಚಾಗಿ ಲ್ಯಾಬಿನಲ್ಲಲ್ಲ, ವಾರ್ಡಿನಲ್ಲಿ. ಇಂಜೆಕ್ಷನ್ ಕೊಟ್ಟದ್ದು ಹತ್ತು ಗಂಟೆಗೆ, ಬರೆದದ್ದು ಎಂಟು ಗಂಟೆ ಎಂದು. ಏಕೆಂದರೆ ಚಾರ್ಟಿನಲ್ಲಿ ಮುದ್ರಿತವಾಗಿರುವ ಸಮಯ ಎಂಟು. ಔಷಧಿ ಹನಿಸಿದ ಅದೇ ಸೂಜಿಯಿಂದ ರಕ್ತ ಎಳೆದರೆ ಉಳಿದ ಹನಿ ಸೇರಿ ಅಂಕಿ ಹುಚ್ಚಾಪಟ್ಟೆ ಏರುತ್ತದೆ, ಹಾಗಾಗಿ ಇನ್ನೊಂದು ಕೈಯಿಂದ ತೆಗೆಯಬೇಕು. ಡೋಸಿನ ನಿಜವಾದ ಸಮಯ ಮತ್ತು ರಕ್ತ ತೆಗೆದ ನಿಜವಾದ ಸಮಯ, ಇವೆರಡೂ ಇಲ್ಲದ ಅಂಕಿಗೆ ಅರ್ಥವಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಎಲ್ಲಿದೆ ಎಂದು ಕೇಳುವವರಿಗೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ. ದೊಡ್ಡ ಊರಿನ ಲ್ಯಾಬಿಗೆ ಕಳಿಸಿ ಉತ್ತರ ಬರುವಷ್ಟರಲ್ಲಿ ಇನ್ನೂ ಎರಡು ಡೋಸ್ ಹೋಗಿರುತ್ತದೆ. ಒಂದು ವಾರ ದಾಟುವ ಚಿಕಿತ್ಸೆಗೆ ಜಿಲ್ಲಾ ಆಸ್ಪತ್ರೆಗಳಲ್ಲಾದರೂ ಈ ಪರೀಕ್ಷೆ ಇರಬೇಕು ಎಂದು ನಾವು ಕೇಳುತ್ತೇವೆ. ಅದು ಬರುವವರೆಗೆ ಕೈಯಲ್ಲಿರುವುದು ಕ್ರಿಯಾಟಿನಿನ್, ಅದನ್ನು ಮಾಡಲು ತಾಲ್ಲೂಕಿನಲ್ಲಿ ಅಡ್ಡಿಯಿಲ್ಲ. ಶುರುಮಾಡುವ ಮುಂಚೆ ಒಮ್ಮೆ, ಆಮೇಲೆ ದಿನ ಬಿಟ್ಟು ದಿನ. ಕ್ರಿಯಾಟಿನಿನ್ ತಡವಾಗಿ ಏರುವ ಸಾಕ್ಷಿ ಎಂಬುದನ್ನು ಮಾತ್ರ ಮರೆಯಬಾರದು. ಅದು ಏರುವ ಹೊತ್ತಿಗೆ ಹಾನಿ ಶುರುವಾಗಿ ಒಂದೆರಡು ದಿನ ಆಗಿರಬಹುದು.

ಕುರಿಗಾರನಿಗೆ ಐದು ದಿನ ಎಲ್ಲ ಸರಿಯಿತ್ತು ಎಂದುಕೊಳ್ಳಿ. ಎರಡನೇ ದಿನ ಇಪ್ಪತ್ತನೇ ಗಂಟೆಯ ಮಟ್ಟ 0.4, ಐದನೇ ದಿನದ ಕ್ರಿಯಾಟಿನಿನ್ ಮೊದಲಿನಂತೆ 1.0. ಜ್ವರ ಇಳಿದಿದೆ, ಹಿಂಡು ನೋಡುವವರಿಲ್ಲ, ಮನೆಗೆ ಕಳಿಸಿ ಎಂದು ಹಟ ಹಿಡಿದಿದ್ದಾನೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಿನಾ ಇಂಜೆಕ್ಷನ್ ತಗೋ ಎಂದು ಚೀಟಿ ಕೊಟ್ಟು ಕಳಿಸುತ್ತಾರೆ. ಬಿಸಿಲು. ಸೊಂಟನೋವು ಪೂರ್ತಿ ಹೋಗಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಎರಡು ದಿನ ತಗೊಳ್ಳುತ್ತಾನೆ, ನಡುವೆ ಭೇದಿಯೂ ಆಗುತ್ತದೆ. ಏಳನೇ ದಿನ ಕ್ರಿಯಾಟಿನಿನ್ 1.3.

ಲ್ಯಾಬಿನ ಚೀಟಿಯಲ್ಲಿ ಗಂಡಸರಿಗೆ 1.3ರವರೆಗೆ ನಾರ್ಮಲ್ ಎಂದು ಮುದ್ರಿಸಿದ್ದರೆ ಆ ಅಂಕಿ ದಪ್ಪ ಅಕ್ಷರದಲ್ಲಿ ಬರುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ 48 ಗಂಟೆಯಲ್ಲಿ 0.3 ಏರಿದರೆ ಅದನ್ನು ಮೂತ್ರಪಿಂಡಕ್ಕೆ ಆದ ಹಠಾತ್ ಪೆಟ್ಟು ಎಂದೇ ಇಂದು ವೈದ್ಯಶಾಸ್ತ್ರ ಎಣಿಸುತ್ತದೆ. ನಾರ್ಮಲ್ ಅಂಕಿಗೆ ಹೋಲಿಸುವುದಲ್ಲ, ಅವನದೇ ಮೊದಲ ದಿನದ ಅಂಕಿಗೆ ಹೋಲಿಸಬೇಕು. ಮೂತ್ರ ಚೆನ್ನಾಗಿ ಹೋಗುತ್ತಿದೆಯಲ್ಲ ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ. ಜೆಂಟಾಮೈಸಿನ್‌ನಿಂದ ಮೂತ್ರಪಿಂಡ ಸೋಲುವಾಗ ಮೂತ್ರದ ಪ್ರಮಾಣ ಬಹುತೇಕ ಕಡಿಮೆಯಾಗುವುದಿಲ್ಲ. ಆ ದಿನ ಔಷಧಿಯ ಮಟ್ಟ ನೋಡಿದ್ದರೆ ಇಪ್ಪತ್ತನೇ ಗಂಟೆಗೆ 1.5ರ ಸುಮಾರು ಸಿಗುತ್ತಿತ್ತು.

ಇಲ್ಲಿ ಸರಿಯಾದ ನಡೆ ಎಂಟನೇ ಡೋಸ್ ಕೊಡದಿರುವುದು. ಡೈಕ್ಲೋಫೆನಾಕ್ ನಿಲ್ಲಿಸಿ ನೋವಿಗೆ ಪ್ಯಾರಾಸಿಟಮಾಲ್, ನೀರಿನಂಶ ತುಂಬಲು ಸಲೈನ್ ಅಥವಾ ಓಆರ್‌ಎಸ್, ಎರಡು ದಿನಕ್ಕೆ ಮತ್ತೆ ಕ್ರಿಯಾಟಿನಿನ್. ಬ್ರುಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಮಾತ್ರೆ ಕೊಡುವ ಇನ್ನೊಂದು ಒಪ್ಪಿತ ದಾರಿ ಇದೆ, ಹಾಗಾಗಿ ಹದಿನಾಲ್ಕು ದಿನ ಮುಗಿಸಲೇಬೇಕೆಂಬ ಹಟ ಬೇಡ. ಏಳು ದಿನ ಈಗಾಗಲೇ ಸಿಕ್ಕಿದೆ. ಎಷ್ಟು ದಿನ ಕೊಟ್ಟೆವು ಎಂಬುದೇ ಈ ಔಷಧಿಯ ಹಾನಿಯನ್ನು ಹೆಚ್ಚಿಸುವ ದೊಡ್ಡ ಕಾರಣಗಳಲ್ಲಿ ಒಂದು. ಡೈಕ್ಲೋಫೆನಾಕ್ ಮಾತ್ರವಲ್ಲ, ಊತ ಇಳಿಸಲು ಕೊಡುವ ಫ್ಯೂರೋಸೆಮೈಡ್, ಸ್ಕ್ಯಾನಿಗೆ ಹಾಕುವ ಬಣ್ಣದ ಔಷಧಿ, ವ್ಯಾಂಕೋಮೈಸಿನ್ ಇವೂ ಜೊತೆ ಸೇರಿದರೆ ಅಪಾಯ ಏರುತ್ತದೆ. ಊರಿನ ಕ್ಲಿನಿಕ್ಕಿನವರಿಗೆ ಇದು ಗೊತ್ತಾಗುವುದಾದರೂ ಹೇಗೆ? ರೋಗಿಯ ಕೈಯಲ್ಲಿರುವ ಚೀಟಿಯಲ್ಲಿ "ನೋವಿನ ಇಂಜೆಕ್ಷನ್ ಬೇಡ" ಎಂದು ಕನ್ನಡದಲ್ಲಿ ಬರೆದಿದ್ದರೆ ಮಾತ್ರ.

ಇನ್ನು ಕಿವಿ. ಕಿವಿಗೆ ಹಾನಿ ಎಂದರೆ ಕಿವುಡು ಎಂದೇ ಎಲ್ಲರೂ ತಿಳಿಯುತ್ತಾರೆ. ಜೆಂಟಾಮೈಸಿನ್ ಹೆಚ್ಚಾಗಿ ಕೆಡಿಸುವುದು ಒಳಕಿವಿಯಲ್ಲಿ ಕೇಳುವ ಭಾಗಕ್ಕಿಂತ ಸಮತೋಲ ಕಾಯುವ ಭಾಗವನ್ನು. ಅದೂ ಎರಡೂ ಕಡೆ ಒಟ್ಟಿಗೆ. ಒಂದೇ ಕಡೆ ಕೆಟ್ಟರೆ ತಲೆ ಗಿರ್ರನೆ ತಿರುಗುತ್ತದೆ, ರೋಗಿ ಹೇಳುತ್ತಾನೆ. ಎರಡೂ ಸಮವಾಗಿ ಕೆಟ್ಟರೆ ತಿರುಗುವುದಿಲ್ಲ. ಮಲಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಎದ್ದು ನಡೆದಾಗ ಎದುರಿನ ಮರ, ಬೋರ್ಡು, ಜನರ ಮುಖ ಹೆಜ್ಜೆ ಹೆಜ್ಜೆಗೂ ಕುಣಿಯುತ್ತವೆ. ಬೆಳಕಿನಲ್ಲಿ ಕಣ್ಣು ಸಂಭಾಳಿಸುತ್ತದೆ, ಕತ್ತಲಾದರೆ ಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ರಾತ್ರಿ ಬದುವಿನ ಮೇಲೆ ನಡೆದು ನೀರು ಬಿಡಬೇಕಾದವನಿಗೆ, ಹಿಂಡಿನ ಹಿಂದೆ ಏರುಪೇರು ಹೊಲದಲ್ಲಿ ಓಡಬೇಕಾದವನಿಗೆ ಇದು ಜೀವನೋಪಾಯದ ಪ್ರಶ್ನೆ. ಇದೇ ಗುಂಪಿನ ಸ್ಟ್ರೆಪ್ಟೊಮೈಸಿನ್‌ನಿಂದ ಹೀಗಾದ ಅಮೆರಿಕದ ವೈದ್ಯರೊಬ್ಬರು 1952ರಲ್ಲೇ ತಮ್ಮ ಅನುಭವ ಬರೆದಿದ್ದರು. ನಾಡಿ ಬಡಿತಕ್ಕೇ ಅಕ್ಷರಗಳು ಅಲುಗಾಡುತ್ತಿದ್ದುದರಿಂದ, ಮಂಚದ ಸರಳುಗಳ ನಡುವೆ ತಲೆ ಒತ್ತಿ ಹಿಡಿದು ಅವರು ಓದುತ್ತಿದ್ದರಂತೆ.

"ಇಷ್ಟು ವರ್ಷ 80 ಎರಡು ಸಲ ಕೊಟ್ಟಿದ್ದೇವೆ, ಯಾರಿಗೂ ಏನೂ ಆಗಿಲ್ಲ" ಎಂಬ ಮಾತನ್ನು ನಾವು ನಂಬದಿರುವುದು ಇದೇ ಕಾರಣಕ್ಕೆ. ಹೀಗಾದವರು ಆಸ್ಪತ್ರೆಗೆ ವಾಪಸ್ ಬಂದು ದೂರು ಹೇಳುವುದಿಲ್ಲ. ಜ್ವರ ಬಂದು ನಿಶ್ಶಕ್ತಿ, ವಯಸ್ಸಾಯಿತು, ಬಿ.ಪಿ. ಇರಬೇಕು ಎಂದು ಮನೆಯಲ್ಲೇ ತೀರ್ಮಾನವಾಗುತ್ತದೆ.

ಇದನ್ನು ಹಿಡಿಯಲು ಯಂತ್ರ ಬೇಕಿಲ್ಲ. ವಾರ್ಡಿನ ಗೋಡೆಯ ಮೇಲಿರುವ ಯಾವುದಾದರೂ ಬೋರ್ಡನ್ನು ರೋಗಿಗೆ ತಲೆ ಅಲುಗಿಸದೆ ಓದಲು ಹೇಳಿ. ಓದು ಬಾರದವರಿಗೆ ಚಿತ್ರ ಅಥವಾ ಕ್ಯಾಲೆಂಡರಿನ ಅಂಕಿ ಸಾಕು. ಆಮೇಲೆ ಯಾರಾದರೂ ಅವರ ತಲೆಯನ್ನು ಎಡಬಲಕ್ಕೆ ಸಣ್ಣಗೆ, ಬೇಗಬೇಗ ಅಲುಗಿಸುತ್ತಿರುವಾಗ ಮತ್ತೆ ಓದಲಿ. ಮೊದಲ ದಿನ ಓದಿದ ಅಕ್ಷರಗಳು ಎಂಟನೇ ದಿನ ಮಸುಕಾದರೆ ಅದು ಎಚ್ಚರಿಕೆ. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲುವುದು ಇನ್ನೊಂದು ಪರೀಕ್ಷೆ. ಬೀಳದಂತೆ ಪಕ್ಕದಲ್ಲಿ ಒಬ್ಬರಿರಬೇಕು. ಎರಡನ್ನೂ ಶುರುವಿನಲ್ಲೇ ಒಮ್ಮೆ ಮಾಡಿಟ್ಟುಕೊಂಡರೆ ಮಾತ್ರ ಮುಂದಿನ ಹೋಲಿಕೆಗೆ ಬೆಲೆ. ಕೇಳುವ ಶಕ್ತಿ ಕೆಡುವುದು ತುಂಬ ಕೀಚಲು ಸ್ವರಗಳಿಂದ, ಮಾತಿನ ಸ್ವರಗಳಿಗೆ ಅದು ಕೊನೆಗೆ ಬರುತ್ತದೆ. ಆದ್ದರಿಂದ "ನಾನು ಹೇಳುವುದು ಕೇಳಿಸುತ್ತಾ?" ಎಂದು ಕೇಳುವುದು ಪರೀಕ್ಷೆಯಲ್ಲ. ಎರಡು ವಾರದ ಚಿಕಿತ್ಸೆ ಎಂದು ಮೊದಲೇ ಗೊತ್ತಿದ್ದರೆ ಆಡಿಯೋಗ್ರಾಮ್ ಮಾಡಿಸಬೇಕು, ಕಿವಿಯಲ್ಲಿ ಗುಂಯ್‌ಗುಟ್ಟುವುದು ಶುರುವಾದರೆ ತಕ್ಷಣ ಹೇಳಲು ರೋಗಿಗೆ ತಿಳಿಸಿರಬೇಕು.

ಒಂದು ಕಹಿ ಸತ್ಯವನ್ನೂ ಸೇರಿಸಬೇಕು. ದಿನಕ್ಕೊಂದು ಸಲ ಕೊಡುವುದರಿಂದ ಮೂತ್ರಪಿಂಡಕ್ಕೆ ಲಾಭವಿದೆ ಎನ್ನಲು ಅಧ್ಯಯನಗಳ ಆಧಾರವಿದೆ. ಕಿವಿಗೆ ಅಷ್ಟು ಸ್ಪಷ್ಟ ಲಾಭ ಕಂಡಿಲ್ಲ. ರಕ್ತದ ಮಟ್ಟ ಸರಿಯಿದ್ದವರಿಗೂ ಕಿವಿ ಕೆಟ್ಟದ್ದಿದೆ. ಕೆಲವರಿಗೆ ತಾಯಿಯಿಂದ ಬರುವ ಒಂದು ವಂಶವಾಹಿ ಬದಲಾವಣೆಯಿಂದ ಅಲ್ಪ ಡೋಸಿಗೇ ಕಿವಿ ಹೋಗುತ್ತದೆ. ಹಾಗಾಗಿ ಮೊದಲ ವಯಲ್ ಒಡೆಯುವ ಮುಂಚೆ ಕೇಳಲೇಬೇಕಾದ ಪ್ರಶ್ನೆ: ತಾಯಿ, ಅಜ್ಜಿ, ಸೋದರಮಾವ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇಂಜೆಕ್ಷನ್ ತಗೊಂಡ ಮೇಲೆ ಕಿವಿ ಕೇಳದಂತಾಯಿತೇ? ಹೌದು ಎಂದರೆ ಬೇರೆ ಔಷಧಿ ಹುಡುಕಬೇಕು.

ನಾವು ಹೇಳಿದ ಕ್ರಮ ಎಲ್ಲರಿಗೂ ಅಲ್ಲ. ಎಂಟರೋಕಾಕಸ್ ರೋಗಾಣು ಹೃದಯದ ಕವಾಟಕ್ಕೆ ಹಿಡಿದಾಗ ಇದನ್ನು ಪೆನಿಸಿಲಿನ್ ಗುಂಪಿನ ಔಷಧಿಯ ಜೊತೆ ಕಡಿಮೆ ಪ್ರಮಾಣದಲ್ಲಿ, ಹೆಚ್ಚಾಗಿ ದಿನಕ್ಕೆ ಎರಡು ಮೂರು ಸಲ ಹಂಚಿ, ವಾರಗಟ್ಟಲೆ ಕೊಡುತ್ತಾರೆ. ಅಲ್ಲಿ ಮಟ್ಟದ ಪರೀಕ್ಷೆ ಇಲ್ಲದೆ ಶುರುಮಾಡುವುದೇ ತಪ್ಪು ಎನ್ನುವುದು ನಮ್ಮ ಅಭಿಪ್ರಾಯ. ನವಜಾತ ಶಿಶುಗಳ ಲೆಕ್ಕ ಬೇರೆ. ಗರ್ಭಿಣಿಯರು, ಸುಟ್ಟಗಾಯದವರು, ಡಯಾಲಿಸಿಸ್‌ನಲ್ಲಿರುವವರು ಕೂಡ ಬೇರೆ.

ಕುರಿಗಾರನ ಚೀಟಿಗೆ ಬರೋಣ. ಔಷಧಿ ನಿಲ್ಲಿಸಿದ ಮೇಲೂ ಅದು ಒಳಕಿವಿಯಲ್ಲಿ ಬಹಳ ದಿನ ಉಳಿಯುತ್ತದೆ, ಲಕ್ಷಣ ಕೆಲವು ವಾರ ಬಿಟ್ಟು ಕಾಣಿಸಿಕೊಳ್ಳಬಹುದು. ಆದ್ದರಿಂದ ಅವನ ಡಿಸ್ಚಾರ್ಜ್ ಚೀಟಿಯಲ್ಲಿ ಇಷ್ಟು ಇರಬೇಕು: ಜೆಂಟಾಮೈಸಿನ್ 240 ಮಿ.ಗ್ರಾಂ, ದಿನಕ್ಕೊಮ್ಮೆ, ಏಳು ದಿನ. ತೂಕ 50 ಕೆ.ಜಿ.; ಕ್ರಿಯಾಟಿನಿನ್ 1.0ರಿಂದ 1.3ಕ್ಕೆ ಏರಿದ್ದರಿಂದ ನಿಲ್ಲಿಸಲಾಗಿದೆ. ಒಂದು ವಾರಕ್ಕೆ ಕ್ರಿಯಾಟಿನಿನ್, ಒಂದು ತಿಂಗಳಿಗೆ ಕಿವಿ ಮತ್ತು ನಡಿಗೆಯ ಪರೀಕ್ಷೆ. ಮುಂದೆ ಯಾವ ಊರಿನ ಯಾವ ಡಾಕ್ಟರು ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಬರೆಯಲು ಹೊರಟರೂ ಅವನು ಮೊದಲು ತೋರಿಸಬೇಕಾದ ಕಾಗದ ಅದು.